ಉಸಿರಿಗೆ ತಬಲಾ ಯಾಕ್ರೀ?

ನಾ ಇವತ್ತ ಜಗಳಾ ಮಾಡಾಕ ಕುಂತೀನಿ, ಮೊದಲೇ ಹೇಳಿಬಿಡ್ತೀನಿ. ಜಗಳ ಯಾರ ಜೋಡಿ ಅಂದ್ರ ನಮ್ಮ ನೆಗೆಣ್ಣಿ ಜೋಡಿ, ಮಗ್ಗಲ ಮನಿ ವೈನಿ ಜೋಡಿ, ಇಂಡಿಯಿಂದ ವಾರಕ್ಕೊಮ್ಮೆ ಫೋನ್ ಮಾಡಿ "ಅಕ್ಕಾ, ಹೊಸಾ ಮೆಡಿಟೇಶನ್ ಮ್ಯೂಸಿಕ್ ಕಳಿಸೀನಿ, ಹಚ್ಚಿ ನೋಡು" ಅನ್ನೋ ನಮ್ಮ ತಂಗಿ ಜೋಡಿ. ಇವರೆಲ್ಲಾ ನನಗ ಬೇಕಾದವರ. ಅದಕ್ಕ ಬಾಯಿಬಿಟ್ಟು ಹೇಳಾಕತ್ತೀನಿ. ಮನ್ಯಾಗ ಯೋಗ ಮಾಡೂ ಮುಂದ ನೀವು ಹಚ್ಚೂ ಹಾಡು ನಿಮ್ಮ ಯೋಗಾ ಕೆಡಸಾಕತ್ತದ.

ಹಾಡು ಬ್ಯಾಡ ಅನ್ನಾಕಿ ಅಲ್ಲ ನಾನು. ನಮ್ಮವ್ವ ರೊಟ್ಟಿ ಬಡಿಯೂ ಮುಂದ ಹಾಡಾಕಿ, ನಮ್ಮತ್ತಿ ಜ್ವಾಳಾ ಬೀಸೂ ಮುಂದ ಹಾಡಾಕಿ. ಬೀಸೂ ಕಲ್ಲಿಗೆ ಹಾಡು ಬೇಕು, ಯಾಕಂದ್ರ ಕೈ ಒಂದು ಗತಿ ಹಿಡೀಬೇಕು. ಪ್ರಾಣಾಯಾಮದಾಗ ಗತಿ ಹಿಡಿಯೂದು ಉಸಿರಿನ ಕೆಲಸ. ಅದರ ಕೈಯಾಗಿಂದು ಕಸಗೊಂಡು ತಬಲಾದವನ ಕೈಯಾಗ ಕೊಟ್ಟ ಮ್ಯಾಲ ಉಳದದ್ದು ಏನ್ರೀ?

ನಡದದ್ದು ಹೇಳ್ತೀನಿ. ನಮ್ಮ ಪಡಸಾಲ್ಯಾಗ ಮುಂಜಾನಿ ಐದೂವರಿಗೆ ಐದು ಮಂದಿ ಕೂಡ್ತೀವಿ. ಎಲ್ಲಾರೂ ನಲವತ್ತೈದು ದಾಟಿದವರ, ನಮ್ಮ ಸೊಸಿ ಒಬ್ಬಾಕಿನ ಸಣ್ಣಾಕಿ. ಒಂದು ಶಿಬಿರದಾಗ ಗುರುಗಳೊಬ್ಬರು ದೊಡ್ಡ ಸ್ಪೀಕರ್ ಹಚ್ಚಿ ಢೋಲಕದ ಭಜನಿ ಮ್ಯಾಲ ಕಪಾಲಭಾತಿ ಮಾಡಿಸಿದ್ರಂತ, ಮಗ್ಗಲ ಮನಿ ವೈನಿ ಅದನ್ನ ಕಲ್ತು ಬಂದ್ರು. "ಹಾಡಿನ ಪೆಟ್ಟಿಗೆ ಒಂದೊಂದು ಉಸಿರು ಹೊರಗ ಹಾಕ್ರಿ, ಭಾಳ ಮಜಾ ಬರ್ತದ" ಅಂದ್ರು. ಮಜಾ ಬಂತು, ಸುಳ್ಳು ಹೇಳಂಗಿಲ್ಲ. ಮೊದಲನೇ ಎರಡು ನಿಮಿಷ ಎಲ್ಲಾರೂ ಒಂದ ತಾಳದಾಗ ಹೊಟ್ಟಿ ಒಳಗ ಹೊರಗ ಮಾಡಿದ್ವಿ. ಆಮ್ಯಾಲ ಭಜನಿ ಅನ್ನೂದು ಭಜನಿ ಮಾಡೂ ಕೆಲಸ ಮಾಡ್ತು. ಎಲ್ಲಾ ಭಜನಿ ಹಂಗ, ಸಾವಕಾಶ ಸುರು ಆಗಿ ಕಡೀಕ ದುಪ್ಪಟ್ಟು ಓಡ್ತದ. ಹಾಡು ಓಡಿತು, ನಾವೂ ಓಡಿದ್ವಿ. ನೆಗೆಣ್ಣಿಗೆ ಬಿ.ಪಿ. ಅದ. ಆಕಿ ಕಣ್ಣಿಗೆ ಕತ್ತಲಿ ಬಂದು ಕುಂತಲ್ಲೇ ಗ್ವಾಡಿಗೆ ಆತ್ಕೊಂಡ್ಲು. ತುಟಿ ಸುತ್ತ ಜುಂ ಅಂತದ ಅಂದ್ಲು, ಬಟ್ಟು ಮರಗಟ್ಟಿದಂಗಾಗ್ಯಾವ ಅಂದ್ಲು. ಭಾಳ ಲಗು ಲಗು ಉಸಿರು ಹೊರಗ ಹಾಕಿದ್ರ ಹಿಂಗ ಆಗ್ತದ. ನಿಂತು ಸಮಾಧಾನ ಆಗೂತನಕ ಸುಮ್ಮ ಕುಂತ್ರ ಇಳಿತದ, ಇಳಿತೂ ಇಳಿತು. ಆದರ ಆ ಹದಿನೈದು ನಿಮಿಷ ನನಗ ಮರೀಲಿಕ್ಕೆ ಆಗಂಗಿಲ್ಲ. ಬಿ.ಪಿ. ಇದ್ದವರು ಈ ಕಪಾಲಭಾತಿ ರಭಸದಿಂದ ಮಾಡಬಾರದು, ಅದು ಬ್ಯಾರೇ ಮಾತು, ಅದು ನಮಗ ಗೊತ್ತಿತ್ತು. ಗೊತ್ತಿದ್ದೂ ಮಾಡಿದ್ವಿ, ಯಾಕಂದ್ರ ಹಾಡು ನಿಂದ್ರಲಿಲ್ಲ, ಹಾಡು ನಿಂದ್ರೂತನಕ ನಾವು ನಿಂದ್ರಲಿಲ್ಲ.

ಅಂದ್ರ ಹಾಡು ನಮ್ಮನ್ನ ನಡಸ್ತು. ಮುಂದ ಹೇಳೂದೆಲ್ಲಾ ಈ ಒಂದು ಮಾತಿನ ಸುತ್ತಲೇ ಅದ.

ಆವತ್ತಿಂದ ನಾ ಎಣಸಾಕ ಸುರು ಮಾಡಿದೆ. ಎಣಸೂದು ಏನೂ ಕಠಿಣ ಇಲ್ಲ. ಗ್ವಾಡಿ ಗಡಿಯಾರದ ಸೆಕೆಂಡಿನ ಮುಳ್ಳು ನೋಡ್ಕೊಂತ ಹದಿನೈದು ಸೆಕೆಂಡು ತೊಡಿ ಮ್ಯಾಲ ಹಾಡಿನ ಪೆಟ್ಟು ಬಡಿರಿ, ಎಣಿಸಿ ನಾಲ್ಕರಿಂದ ಗುಣಿಸ್ರಿ. ಅದು ಒಂದು ನಿಮಿಷದ ಗತಿ. ನಮ್ಮ ಆ ಭಜನಿ ಸುರುವಿಗೆ ಹದಿನೈದು ಸೆಕೆಂಡಿಗೆ 24 ಪೆಟ್ಟು, ಅಂದ್ರ ನಿಮಿಷಕ್ಕ 96. ಕಡೀಕ 40 ಪೆಟ್ಟು, ಅಂದ್ರ 160. ಒಂದು ಪೆಟ್ಟಿಗೆ ಒಂದು ಉಸಿರಂದ್ರ ನಿಮಿಷಕ್ಕ 160 ಸಲ! ನಾಯಿ ಬ್ಯಾಸಿಗ್ಯಾಗ ತೇಕಿದಂಗ.

"ಅದು ಭಜನಿ ಆತು, ನಾವು ಹಚ್ಚೂದು ಶಾಂತ ಮ್ಯೂಸಿಕ್" ಅಂತ ತಂಗಿ ಅಂದ್ಲು. ಆಕಿ ಕಳಿಸಿದ್ದನ್ನೂ ಎಣಿಸಿದೆ. ಕೊಳಲು, ಹಿಂದ ಗುಂಯ್ ಅನ್ನೋ ಕೀಬೋರ್ಡು, ಕೆಳಗ ಮೆತ್ತಗ ಒಂದು ತಬಲಾ. ನಿಮಿಷಕ್ಕ 80. ಕೇಳಾಕ ಭಾಳ ಛಂದ. ಈಗ ಲೆಕ್ಕಾ ಹಾಕ್ರಿ. ನಾವು ಅನುಲೋಮ ವಿಲೋಮದಾಗ ನಾಲ್ಕು ಎಣಿಸಿ ಉಸಿರು ಒಳಗ ತಗೋತೀವಿ, ಆರು ಎಣಿಸಿ ಬಿಡ್ತೀವಿ. ಒಂದೊಂದು ಎಣಿಕಿ ಒಂದು ಸೆಕೆಂಡಂದ್ರ ಒಂದು ಉಸಿರಿಗೆ ಹತ್ತು ಸೆಕೆಂಡು, ನಿಮಿಷಕ್ಕ ಆರು ಉಸಿರು. ತಬಲಾ 80ರ ಗತಿಯಾಗ ಬಡಿಯಾಕತ್ತಿದ್ರ ಮನಸ್ಸಿನಾಗಿನ ಎಣಿಕಿ ಅದರ ಬೆನ್ನು ಹತ್ತತದ. ಹತ್ತು ಪೆಟ್ಟು ಏಳೂವರಿ ಸೆಕೆಂಡಿನಾಗ ಮುಗಿತಾವ. ಆರು ಇದ್ದ ಉಸಿರು ಎಂಟು ಆತು. ನೀವು ಹತ್ತು ಎಣಿಸೀನಿ ಅಂತನ ತಿಳಕೊಂಡಿರ್ತೀರಿ, ಬರೋಬ್ಬರಿ ಎಣಿಸಿರ್ತೀರಿ, ಆದರ ಎಣಿಕಿ ಸಣ್ಣದಾಗಿರ್ತದ. ಅಂಗಡ್ಯಾವ ತೂಕದ ಕಲ್ಲು ಸವಿಸಿ ಇಟ್ಟಂಗ. ಕಲ್ಲು ಒಂದು ಕಿಲೋ ಅಂತನ ಬರದಿರ್ತದ.

ಇದು ನನ್ನ ತಲಿಯಾಗಿಂದ ಹುಟ್ಟಿದ ಮಾತಲ್ಲ. ಇಟಲಿ ದೇಶದಾಗ ಲುಚಾನೋ ಬೆರ್ನಾರ್ದಿ ಅನ್ನೋ ಎದಿ ಡಾಕ್ಟರು ಎರಡು ಸಲ ಇದನ್ನ ನೋಡ್ಯಾರ. 2001ರಾಗ ಅವರು ಕ್ರಿಶ್ಚನ್ ಮಂದಿ ಜಪಮಾಲಿ ಹಿಡಕೊಂಡು ಮಾಡೂ ಪ್ರಾರ್ಥನಿ, ನಮ್ಮ ಯೋಗದ ಮಂತ್ರ, ಎರಡೂ ಅನ್ನಿಸಿ ಉಸಿರು ಅಳತಿ ಮಾಡಿದ್ರು. ಎರಡರಾಗೂ ಉಸಿರು ನಿಮಿಷಕ್ಕ ಆರರ ಹತ್ತಿರ ಬಂದು ನಿಂತಿತ್ತು, ರಕ್ತದೊತ್ತಡ, ಎದಿ ಬಡಿತ ಅದರ ಜೋಡಿ ಹೊಂದಿಕೊಂಡಿದ್ದವು. ಎಲ್ಲೀ ಇಟಲಿ, ಎಲ್ಲೀ ನಮ್ಮ ಓಂ. ಅಲ್ಲಿ ಗತಿ ಕೊಟ್ಟದ್ದು ಯಾವ ವಾದ್ಯನೂ ಅಲ್ಲ, ಅನ್ನೋವರ ಸ್ವಂತ ಬಾಯಿ. ಮುಂದ 2006ರಾಗ 24 ಮಂದಿಗೆ ಆರು ನಮೂನಿ ಸಂಗೀತ ಕೇಳಿಸಿದ್ರು. ಅದರಾಗ ನಮ್ಮ ದೇಶದ ರಾಗನೂ ಇತ್ತು. ಗತಿ ಜಾಸ್ತಿ ಇದ್ದಷ್ಟೂ ಕೇಳೋವರ ಉಸಿರು, ಎದಿ ಬಡಿತ, ರಕ್ತದೊತ್ತಡ ಏರಿದ್ವು. ಹಾಡು ಸೇರ್ತದೋ ಇಲ್ಲೋ ಅನ್ನೂದರಕಿಂತ ಗತಿನ ಹೆಚ್ಚು ಕೆಲಸ ಮಾಡಿತ್ತು. ನಡುವ ಎರಡು ನಿಮಿಷ ಏನೂ ಇಲ್ಲದ ಖಾಲಿ ಬಿಟ್ಟಿದ್ರು. ಆ ಎರಡು ನಿಮಿಷದಾಗ ಎದಿ ಬಡಿತ, ರಕ್ತದೊತ್ತಡ ಸಂಗೀತ ಸುರು ಆಗೂಕಿಂತ ಮೊದಲಿದ್ದಕ್ಕಿಂತನೂ ಕೆಳಗ ಇಳದಿದ್ವಂತ. ಎಲ್ಲಾರಿಗಿಂತ ಛಂದ ಆರಾಮ ಕೊಟ್ಟದ್ದು ಸುಮ್ಮನಿದ್ದ ಹೊತ್ತು. ಇದನ್ನ ಓದಿದಾಗ ನಮ್ಮತ್ತಿ ನೆನಪಾದ್ರು. ಲಿಂಗ ಪೂಜಿಗೆ ಕುಂತಾಗ ರೇಡಿಯೋ ಹಚ್ಚಿದ್ರ "ಅದರ ಬಾಯಿ ಮುಚ್ಚು ಮೊದಲ" ಅಂತಿದ್ರು.

ಈಗ ವಾದ್ಯದ ಮಾತಿಗೆ ಬರೋಣ. ಗತಿ ಹೇಳೂ ವಾದ್ಯ ಒಂದು ಜಾತಿ, ಗತಿ ಹೇಳದ ವಾದ್ಯ ಇನ್ನೊಂದು ಜಾತಿ. ತಬಲಾ, ಢೋಲಕ, ದಮ್ಮಡಿ, ತಾಳ, ಚೌಡಕಿ, ಹಲಗಿ ಎಲ್ಲಾ ಮೊದಲನೇ ಜಾತಿ. ಇವುಗಳ ಕೆಲಸ ಕಾಲು ಕುಣಿಸೂದು, ಮಂದೀನ ಒಂದ ಹೆಜ್ಜಿಗೆ ತರೂದು. ವಿಜಾಪುರದ ಗೋಳಗುಮ್ಮಟ ನೋಡಿದವರು ನೆನಪ ಮಾಡ್ಕೊಳ್ರಿ, ಮುಂದಿನ ಬಾಗಲದಾಗ ನಗಾರಖಾನಿ ಅದ, ಈಗ ಅಲ್ಲಿ ಮ್ಯೂಜಿಯಂ ಮಾಡ್ಯಾರ. ಬಾದಶಹಾಗಳಿಗೂ ಗೊತ್ತಿತ್ತು, ನಗಾರಿ ಬಾಗಲದಾಗ ಇರಬೇಕು, ಗುಮ್ಮಟದ ಒಳಗಲ್ಲ. ಒಳಗ ಪಿಸುಮಾತು ಆಡಿದ್ರನ ಆಚಿ ಕಡಿ ಕೇಳ್ತದ. ನಾವು ಮಾತ್ರ ನಗಾರಿ ದೇವರ ಕ್ವಾಣಿಗೆ ತಂದು ಇಟ್ಟೀವಿ.

ಎರಡನೇ ಜಾತಿಯ ರಾಣಿ ಅಂದ್ರ ತಂಬೂರಿ. ನಮ್ಮ ವಿಜಾಪುರದ ಎರಡನೇ ಇಬ್ರಾಹಿಂ ಆದಿಲಶಹಾ, 1580ರಿಂದ 1627ರತನಕ ಆಳಿದಾವ, ತನ್ನ ತಂಬೂರಿಗೆ ಮೋತಿ ಖಾನ್ ಅಂತ ಹೆಸರಿಟ್ಟಿದ್ದ. ಆನಿಗೆ ಹೆಸರಿಡೂದು ಕೇಳೀವಿ, ತಂಬೂರಿಗೆ ಹೆಸರಿಟ್ಟಾವ ಅವನ. ನಮ್ಮ ಹಳ್ಳ್ಯಾಗ ತತ್ವಪದ ಹಾಡೋರ ಕೈಯಾಗ ಏಕತಾರಿ ಇರ್ತಿತ್ತಲ್ಲ, ಅದು ಇದರ ಬಡವರ ಮನಿ ತಂಗಿ. ದೊಡ್ಡ ತಂಬೂರಿ ಮಾಡೂ ಮಂದಿ ನಮಗ ದೂರೇನಿಲ್ಲ, ಮಿರಜದಾಗ ಇದ್ದಾರ. ಅಲ್ಲಿಯ ಸಿತಾರ ತಂಬೂರಿಗೆ 2024ರಾಗ ಜಿ.ಐ. ಗುರುತು ಸಿಕ್ಕದ. ನಮ್ಮ ಇಂಡಿ ಲಿಂಬಿಕಾಯಿಗೆ ಸಿಕ್ಕದಲ್ಲಾ, ಅಂಥಾದ್ದ.

ತಂಬೂರಿಗೆ ನಾಲ್ಕು ತಂತಿ. ಮೊದಲನೇದು ಪ, ನಡುವಿನ ಎರಡು ಸ, ಕಡೀದು ಕೆಳಗಿನ ಸ, ಅದಕ್ಕ ಖರಜ ಅಂತಾರ. ತಂತಿ ಕೆಳಗ, ಕುದುರಿ ಮ್ಯಾಲ, ಒಂದೊಂದು ದಾರದ ಎಳಿ ಇಟ್ಟಿರ್ತಾರ. ಆ ದಾರ ಒಂಚೂರು ಸರಿಸಿದ್ರ ಸಪ್ಪಳ ಹೂವು ಅರಳಿದಂಗ ಅರಳ್ತದ, ಅದಕ್ಕ ಜವಾರಿ ಅಂತಾರ. ನಾವು ಜವಾರಿ ಸೌತಿಕಾಯಿ, ಜವಾರಿ ಕೋಳಿ ಅಂತೀವಲ್ಲ, ಈ ಜವಾರಿ ಬ್ಯಾರೆ. ಒಂದು ತಂತಿ ಸಪ್ಪಳ ಸಾಯೂದರೊಳಗ ಇನ್ನೊಂದು ಎದ್ದಿರ್ತದ. ಹಿಂಗಾಗಿ ಎಲ್ಲಿ ಸುರು ಆತು, ಎಲ್ಲಿ ಮುಗೀತು ತಿಳಿಯಂಗಿಲ್ಲ. ತಿಳಿಯದಿದ್ದದ್ದಕ್ಕ ಅದು ಉಸಿರಿಗೆ ಏನೂ ಹೇಳಂಗಿಲ್ಲ. ಹೊರಗಿನ ಗದ್ಲ ಮಾತ್ರ ಮುಚ್ಚತದ. ಮಿಕ್ಸರ್, ಮಗ್ಗಲ ಮನಿ ಟಿ.ವಿ., ಓಣ್ಯಾಗಿನ ಟಂಟಂ, ಎಲ್ಲಾದರ ಮ್ಯಾಲ ಒಂದು ತೆಳ್ಳನ ಅರಬಿ ಹೊಚ್ಚಿದಂಗ.

ಮನ್ಯಾಗ ನಿಜವಾದ ತಂಬೂರಿ ಯಾರ ಹತ್ತಿರನೂ ಇಲ್ಲ, ನನ್ನ ಹತ್ತಿರನೂ ಇಲ್ಲ. ಕರೆಂಟಿನ ತಂಬೂರಿ ಪೆಟ್ಟಿಗಿ ಅದ, ಬೆಂಗಳೂರಾಗ ಜಿ. ರಾಜ್ ನಾರಾಯಣ್ ಅನ್ನೋವರು 1979ರಾಗನ ಮಾಡಿದ್ರು. ಈಗ ಮೊಬೈಲ್‌ದಾಗ ಆಪ್ ಬಂದಾವ, ಪುಕ್ಕಟ ಸಿಗ್ತಾವ. ಅದರಾಗ ಎರಡು ಮಾತು ನೋಡ್ರಿ. ಒಂದು, ವೇಗದ ಗುಂಡಿ ಇರ್ತದ. ನಾಲ್ಕು ತಂತಿ ಒಂದು ಸುತ್ತು ಬರಾಕ ನಾಲ್ಕೈದು ಸೆಕೆಂಡು ಹತ್ತಬೇಕು, ಅದಕ್ಕಿಂತ ಲಗು ಇದ್ರ ತಂಬೂರಿನೂ ತಾಳ ಆಗಿಬಿಡ್ತದ. ಟಿಂ-ಟಿಂ-ಟಿಂ-ಡಂ, ಟಿಂ-ಟಿಂ-ಟಿಂ-ಡಂ ಅಂತ ಕೇಳಾಕತ್ತಿತಂದ್ರ ಗುಂಡಿ ಹಿಂದಕ್ಕ ತಿರುವ್ರಿ. ಇನ್ನೊಂದು, ಶ್ರುತಿ.

ಶ್ರುತಿ ಬಗ್ಗೆ ಒಂದು ಗಳಿಗಿ ನಿಲ್ಲಬೇಕು, ಯಾಕಂದ್ರ ಇಲ್ಲೇ ಭಾಳ ಮಂದಿ ಗಂಟಲಾ ಕೆಡಿಸಿಕೊಳ್ತಾರ. ಹಾಡೋ ಹೆಣ್ಣುಮಕ್ಕಳ ಶ್ರುತಿ ಸಾಮಾನ್ಯ ಕಪ್ಪು ನಾಲ್ಕು, ಕಪ್ಪು ಐದು ಅಂತಾರ, ಪೇಟಿಯ ಕಪ್ಪು ಮನಿ ಎಣಿಸಿ. ಗಂಡಸರದು ಕಪ್ಪು ಒಂದರ ಆಜೂಬಾಜು. ಆದರ ಅದು ಹಾಡೋರ ಲೆಕ್ಕ. ನಾವು ಐವತ್ತು ದಾಟಿದವರು, ಮುಂಜಾನಿ ಎದ್ದ ಕೂಡಲೇ ಓಂ ಅನ್ನೋವರು. ವಯಸ್ಸಾದಂಗ ನಮ್ಮ ಧ್ವನಿ ಕೆಳಗ ಇಳಿತದ, ನಿದ್ದಿಯಿಂದ ಎದ್ದಾಗ ಇನ್ನಷ್ಟು ಇಳದಿರ್ತದ. ಅದಕ್ಕ ಆಪಿನಾಗ ಇದ್ದದ್ದಕ್ಕ ನೀವು ಹೊಂದಿಕೊಳ್ಳಾಕ ಹೋಗಬ್ಯಾಡ್ರಿ. ಮೊದಲ ಆಪ್ ಬಂದ್ ಇಟ್ಟು, ನಿಮಗ ತಾನ ಬಂದ ಧ್ವನ್ಯಾಗ ಓಂ ಅನ್ರಿ. ಆಮ್ಯಾಲ ಆಪಿನ ಶ್ರುತಿ ಒಂದೊಂದ ಮನಿ ಸರಿಸ್ಕೊಂತ ನಿಮ್ಮ ಓಂಕಾರ ಎಲ್ಲಿ ಕರಗಿ ಹೋಗ್ತದೋ ಅಲ್ಲಿ ಬಿಡ್ರಿ. ನನ್ನದು ಕಪ್ಪು ಎರಡರ ಹತ್ತಿರ ಬಂದು ನಿಂತದ. ಗಂಗೂಬಾಯಿ ಹಾನಗಲ್ಲರ ಧ್ವನಿ ಗಂಡಸರ ಧ್ವನಿಯಂಗ ದಪ್ಪ ಇತ್ತಲ್ಲ, ಅದಕ್ಕ ಯಾರೂ ನಾಚ್ಕೋಬೇಕಾಗಿಲ್ಲ. ಮೂರು ಸಲ ಓಂ ಅಂದ ಮ್ಯಾಲ ಗಂಟಲಾ ಕೆರೆದಂಗಾಗಿ ಕೆಮ್ಮು ಬಂದ್ರ ಶ್ರುತಿ ಮ್ಯಾಲ ಅದ ಅಂತ ತಿಳೀರಿ. ಒಂದು ಮನಿ ಕೆಳಗ ತರ್ರಿ.

ಈ ಮಾತಿನ ಬೆನ್ನಿಗೆ ಇನ್ನೊಂದು ಸಿಟ್ಟು ಕಕ್ಕಿಬಿಡ್ತೀನಿ. ತಂಗಿ ಕಳಿಸಿದ ವಿಡಿಯೋಗಳ ಮ್ಯಾಲ "432 ಹರ್ಟ್ಸ್, ದೇಹ ಶುದ್ಧಿ, ಶಕ್ತಿ ಜಾಗೃತಿ" ಅಂತ ಬರದಿರ್ತದ. ಏನಿದು 432? ಜಗತ್ತಿನಾಗ ವಾದ್ಯಗಳನ್ನ ಒಂದು ಸ್ವರ 440 ಇಟ್ಟು ಶ್ರುತಿ ಮಾಡ್ತಾರ, ಇವರು ಅದನ್ನ 432 ಮಾಡ್ತಾರ. ಪೇಟಿ ಮ್ಯಾಲ ಒಂದು ಮನಿಯಿಂದ ಮಗ್ಗಲ ಮನಿಗೆ ಇರೂ ಅಂತರದಾಗ ಮೂರನೇ ಒಂದು ಪಾಲು ಆತು ಅಷ್ಟ. ನಮ್ಮ ಸಂಗೀತದಾಗ ಸ ಅನ್ನೂದಕ್ಕ ಗೂಟಾ ಬಡಿದಿಲ್ಲ. ಹಾಡೋರ ಗಂಟಲಾ ಎಲ್ಲದೋ ಅಲ್ಲಿ ಸ. ಅಂಥಾದ್ರಾಗ ಅಷ್ಟು ಸಣ್ಣ ಅಂತರಕ್ಕ ದೇಹ ಶುದ್ಧಿ ಆಗ್ತದಂದ್ರ ಚಳಿಗಾಲದಾಗ ತಂತಿ ಸಡಿಲಾದ ತಂಬೂರಿ ಮುಂದ ಕುಂತವರೆಲ್ಲಾ ಸಂತರಾಗಬೇಕಿತ್ತು.

ಕೊಳಲಿನ ಬಗ್ಗೆ ನನ್ನ ತಂಗಿಗೂ ನನಗೂ ಇನ್ನೂ ಹೊಂದಾಣಿಕಿ ಆಗಿಲ್ಲ. ತಬಲಾ ತಗದು ಬರೇ ಕೊಳಲು ಹಚ್ಚಿದ್ರ ಏನು ತಪ್ಪು ಅಂತಾಳ. ತಾಳ ಇಲ್ಲದ ಆಲಾಪ ಆದ್ರ ತಪ್ಪು ಕಡಿಮಿ, ಅದನ್ನ ಒಪ್ಪತೀನಿ. ಆದರ ಕೊಳಲು ಊದಾವಂಗೂ ಉಸಿರು ಅದ. ಅವನ ಉಸಿರು ಮುಗಿದಲ್ಲಿ ಸ್ವರ ಮುಗಿತದ. ಕೇಳಾಕ ಕುಂತವರು ಗೊತ್ತಿಲ್ಲದಂಗ ಅವನ ಜೋಡಿ ಉಸಿರು ಹಿಡೀತಾರ, ಅವ ಬಿಟ್ಟಾಗ ಬಿಡ್ತಾರ. ಅವ ಜನ್ಮ ಇಡೀ ರಿಯಾಜ್ ಮಾಡಿದಾವ, ಒಂದೊಂದು ಸ್ವರ ಭಾಳ ಹೊತ್ತು ಎಳಿತಾನ, ಆಮ್ಯಾಲ ಗಬಕ್ಕನ ಉಸಿರು ತುಂಬಿಕೊಳ್ತಾನ. ನನಗಂತೂ ಎದಿ ಬಿಗದಂಗ ಆಗ್ತಿತ್ತು. ಸಿತಾರ, ಸಂತೂರ ತಂತಿ ವಾದ್ಯ, ಉಸಿರಿನ ಕಾಟ ಇಲ್ಲ, ಆದರ ಆಲಾಪ ದಾಟಿ ಝಾಲಾಕ್ಕ ಬಂದ್ರ ಅದೂ ಓಟನ. ಮುಂದ ಏನು ಬರ್ತದ ಅಂತ ಕೇಳಿ ನೋಡದನ ಹಚ್ಚಬ್ಯಾಡ್ರಿ. ಸಮುದ್ರದ ಸಪ್ಪಳ, ಹಳ್ಳದ ಸಪ್ಪಳ ಅಂತ ನೀರಿನ ಮ್ಯೂಸಿಕ್ಕೂ ಹಚ್ಚಿ ನೋಡಿದ್ವಿ. ನಮ್ಮ ವಯಸ್ಸಿನ ಐದು ಮಂದ್ಯಾಗ ಮೂರು ಮಂದಿ ನಡುವ ಎದ್ದು ಬಚ್ಚಲಕ್ಕ ಹೋದ್ರು. ಅದರ ಬಗ್ಗೆ ಹೆಚ್ಚಿಗಿ ಬರೆಯಂಗಿಲ್ಲ.

ವಚನದ ಹಾಡು ಹಚ್ಚಬಾರದಾ ಅಂತ ಬಾಗೇವಾಡಿಯ ಬೀಗತಿ ಕೇಳಿದ್ರು. ಬಸವಣ್ಣ ಹುಟ್ಟಿದ ಊರಿನವರು, ಅವರಿಗೆ ಕೇಳೂ ಹಕ್ಕದ. ನಾ ಹೇಳಿದೆ, ಬೀಗತಿ, ಮಲ್ಲಿಕಾರ್ಜುನ ಮನ್ಸೂರರು ಹಾಡಿದ ವಚನ ನನಗ ಪ್ರಾಣ. ಅದಕ್ಕ ನಾ ಅದನ್ನ ಹಿಂದ ಹಚ್ಚಿ ಕಾಲು ಮಡಚಂಗಿಲ್ಲ. ವಚನದಾಗ ಮಾತದ, ಮಾತಿಗೆ ಅರ್ಥ ಅದ. ಅರ್ಥ ಕಿವಿಗೆ ಬಿದ್ದ ಮ್ಯಾಲ ಮನಸ್ಸು ಅದರ ಹಿಂದ ಹೋಗಲಿಕ್ಕೇ ಬೇಕು, ಹೋಗದಿದ್ರ ಕೇಳಿದ್ದು ಯಾತಕ್ಕ? ಕೇಳೂದಾದ್ರ ಎಲ್ಲಾ ಬಿಟ್ಟು ಅದನ್ನ ಕೇಳ್ರಿ. ಶರಣರ ಮಾತನ್ನ ಫ್ಯಾನಿನ ಸಪ್ಪಳದಂಗ ಬಳಸೂದು ನನಗ ಸರಿ ಕಾಣಂಗಿಲ್ಲ. ಬೀಗತಿ ಸುಮ್ಮಾದ್ರು. ಒಪ್ಪಿದ್ರೋ ಸಿಟ್ಟಾದ್ರೋ ಇನ್ನೂ ಗೊತ್ತಾಗಿಲ್ಲ.

ಈಗ ನಾವು ಮಾಡೂದು ಹೇಳ್ತೀನಿ, ನಲವತ್ತು ನಿಮಿಷದ್ದು. ಸುರುವಿಗೆ ಐದು ನಿಮಿಷ ಕೈ ಕಾಲು ಕುತಗಿ ತಿರುಗಿಸೂದು, ಮೈ ಸಡಿಲ ಮಾಡೂದು. ಇಲ್ಲಿ ಹಾಡು ಇರಲಿ, ದಮ್ಮಡಿ ಇದ್ರೂ ಇರಲಿ, ನಿಮಿಷಕ್ಕ 90ರೊಳಗಿನ ಭಜನಿ. ಮುಂಜಾನಿ ಥಂಡ್ಯಾಗ ಮೈ ಏಳಾಕ ಅದು ಬೇಕ, ವೈನಿಯವರ ಮನಸ್ಸೂ ಉಳಿತದ. ಮುಂದ ಸೂರ್ಯ ನಮಸ್ಕಾರ, ಆಸನ, ಹದಿನೈದು ನಿಮಿಷ. ಇಲ್ಲಿ ತಾಳ ಬಂದ್. ಯಾಕಂದ್ರ ಸೂರ್ಯ ನಮಸ್ಕಾರದ ಹನ್ನೆರಡು ಹೆಜ್ಜಿ ಒಂದೊಂದು ಉಸಿರಿನ ಮ್ಯಾಲ ನಡಿತಾವ, ನನ್ನ ಉಸಿರು, ಸೊಸಿ ಉಸಿರು ಒಂದ ಉದ್ದ ಇಲ್ಲ. ಎಲ್ಲಾರಿಗೂ ಒಂದ ತಾಳ ಹಚ್ಚಿದ್ರ ನಾ ಸೊಸಿ ಹಿಂದ ಓಡಬೇಕು, ಇಲ್ಲಾ ಆಕಿ ನನಗ ಕಾಯಬೇಕು. ಮನ್ಯಾಗಿನ ಕೆಲಸದಾಗ ಇದು ಇದ್ದದ್ದ, ಯೋಗದಾಗರ ಬ್ಯಾಡ. ಈ ಹೊತ್ತಿನಾಗ ತಂಬೂರಿ ಸಣ್ಣಗ ಇರ್ತದ. ಎಷ್ಟು ಸಣ್ಣಗ ಅಂದ್ರ ನನ್ನ ಉಸಿರಿನ ಸಪ್ಪಳ ನನಗ ಅದರ ಮ್ಯಾಲ ಕೇಳಬೇಕು. ಕೇಳದಿದ್ರ ದನಿ ಜಾಸ್ತಿ ಆತು.

ಆಮ್ಯಾಲ ಎಂಟು ನಿಮಿಷ ಪ್ರಾಣಾಯಾಮ, ಅದ ತಂಬೂರಿ. ಎಣಸೂದು ಮನಸ್ಸಿನಾಗ. ನಾಲ್ಕು ಒಳಗ, ಆರು ಹೊರಗ ಆಗದವರು ಮೂರು ಒಳಗ, ನಾಲ್ಕು ಹೊರಗ ಮಾಡ್ತಾರ, ಯಾರಿಗೂ ತಾಳ ತಪ್ಪಂಗಿಲ್ಲ, ತಾಳನ ಇಲ್ಲಲ್ಲ. ಅದು ಮುಗಿದ ಮ್ಯಾಲ ತಂಬೂರಿನೂ ಬಂದ್. ಗಕ್ಕನ ಬಂದ್ ಮಾಡಬಾರದು, ಎಚ್ಚರಿದ್ದ ಕೂಸಿನ ಕೈಯಾಗಿಂದು ಕಸಗೊಂಡಂಗ ಆಗ್ತದ. ನಾಲ್ಕೈದು ಉಸಿರಿನ ಹೊತ್ತಿನಾಗ ಒಂದೊಂದ ಗುಂಡಿ ದನಿ ಇಳಸ್ಕೊಂತ ಬರ್ರಿ. ಉಳದ ಹನ್ನೆರಡು ನಿಮಿಷ ಧ್ಯಾನ, ಶವಾಸನ, ಏನೂ ಇಲ್ಲ. ಮೊದಮೊದಲ ಈ ಹನ್ನೆರಡು ನಿಮಿಷ ಎಲ್ಲಾರಿಗೂ ಕಷ್ಟ ಆತು. ವೈನಿ "ಕಿವಿ ಹಸದಂಗಾಗ್ತದ" ಅಂದ್ರು. ಹದಿನೈದು ದಿನದ ಮ್ಯಾಲ ಅವರ ಹೇಳಿದ್ರು, ತಂಬೂರಿ ಬಂದ್ ಆದ ಮ್ಯಾಲೂ ಒಂದಷ್ಟು ಹೊತ್ತು ಕಿವ್ಯಾಗ ಇರ್ತದ, ಆಮ್ಯಾಲ ಅದೂ ಹೋಗ್ತದ ಅಂತ.

ಖರೇನೋ ಸುಳ್ಳೋ ನೋಡೂನು ಅಂತ ಮೊಮ್ಮಗಳನ್ನ ಎಣಸಾಕ ಕೂಡ್ರಿಸಿದ್ದೆ, ಆಕಿ ನಾಲ್ಕನೇತ್ತೆ. ತಮ್ಮ ಉಸಿರು ತಾವ ಎಣಿಸಿದ್ರ ಅದು ಬದಲಾಗಿಬಿಡ್ತದ, ಅದಕ್ಕ ಇನ್ನೊಬ್ಬರು ಎಣಸಬೇಕು, ಅದೂ ಯಾವಾಗ ಎಣಸ್ತಾರ ನಮಗ ಗೊತ್ತಿರಬಾರದು. ಶವಾಸನದಾಗ ನನ್ನ ಸೀರಿ ಸೆರಗು ಮ್ಯಾಲ ಕೆಳಗ ಆಗೂದು ನೋಡಿ ಎಣಿಸಿದ್ಲು. ಕೊಳಲು-ತಬಲಾದ ವಿಡಿಯೋ ಹಚ್ಚಿದ ದಿನ ನಿಮಿಷಕ್ಕ 16. ಬರೇ ತಂಬೂರಿ ಇದ್ದ ದಿನ 12. ತಂಬೂರಿ ಹಚ್ಚಿ ಆಮ್ಯಾಲ ಬಂದ್ ಮಾಡಿದ ದಿನ 10. ಮೂರು ಮೂರು ದಿನ ಎಣಿಸಿದ್ವಿ, ಒಂದರ ಆಚಿ ಈಚಿ ಆತು ಅಷ್ಟ. ಒಂದು ಮನಿ, ಒಂದು ಹೆಂಗಸಿನ ಲೆಕ್ಕ ಇದು, ಡಾಕ್ಟರ ಲೆಕ್ಕ ಅಲ್ಲ. ನಿಮ್ಮ ಮನ್ಯಾಗ ನಿಮ್ಮ ಮಕ್ಕಳ ಕಡಿಂದ ಎಣಸಿ ನೋಡ್ರಿ. ಮಕ್ಕಳು ಸಿಗದಿದ್ರ ಕಾಲಿನ ಹೆಬ್ಬಟ್ಟು ನೋಡ್ರಿ, ಅದು ಹಾಡಿಗೆ ಕುಣ್ಯಾಕತ್ತಿದ್ರ ಉಸಿರೂ ಕುಣ್ಯಾಕತ್ತದ. ಇನ್ನೊಂದು ಗುರುತದ. ಎದ್ದು ಚಹಾಕ್ಕ ಇಟ್ಟಾಗ ಆ ಹಾಡು ಬಾಯಾಗ ಬಂತಂದ್ರ ನೀವು ಕುಂತಷ್ಟು ಹೊತ್ತೂ ಹಾಡು ಕೇಳೀರಿ, ಧ್ಯಾನ ಮಾಡಿಲ್ಲ.

ಮೊಬೈಲಿನ ಸಣ್ಣ ಸಣ್ಣ ಕಾಟ ಹೇಳಿ ಮುಗಸ್ತೀನಿ. ಮೊಬೈಲಿನ ಸ್ಪೀಕರಿಗೆ ಖರಜದ ದಪ್ಪ ಸಪ್ಪಳ ಎತ್ತಾಕ ಆಗಂಗಿಲ್ಲ, ತಂಬೂರಿ ಗುಂಗಾಡಿಯಂಗ ಕೇಳ್ತದ. ದನಿ ಹೆಚ್ಚು ಆಗ್ಲಿ ಅಂತ ನಾ ಸ್ಟೀಲಿನ ಡಬರ್ಯಾಗ ಇಟ್ಟು ನೋಡಿದೆ, ಇನ್ನಷ್ಟು ಕಿರಚ್ತು. ಮಗನ ಸಣ್ಣ ಬ್ಲೂಟೂತ್ ಸ್ಪೀಕರ್ ತಗೊಂಡು ಕಟಗಿ ಮಣಿ ಮ್ಯಾಲ ಇಟ್ಟು, ಮೂಲ್ಯಾಗ ಗ್ವಾಡಿ ಕಡಿ ಮಕಾ ಮಾಡಿದ ಮ್ಯಾಲ ಸರಿ ಆತು. ಯುಟ್ಯೂಬಿನಿಂದ ನೇರ ಹಚ್ಚಬ್ಯಾಡ್ರಿ, ಶವಾಸನದಾಗ ಗುಟಕಾ ಜಾಹೀರಾತು ಬಂದು ಸಿಂದಗಿಯ ನಮ್ಮ ಮಾಂಶಿ ಧಡಕ್ಕನ ಎದ್ದು ಕುಂತಿದ್ರು. ರೆಕಾರ್ಡ್ ಹಚ್ಚೂದಾದ್ರ ನಿಮ್ಮ ಹೊತ್ತಿಗಿಂತ ಉದ್ದಂದು ಇರಬೇಕು. ಐದು ನಿಮಿಷದ್ದು ಮತ್ತ ಮತ್ತ ತಿರುಗಿದ್ರ ಜೋಡಿದ ಜಾಗದಾಗ ಟಕ್ ಅಂತದ, ಒಮ್ಮೆ ಅದು ಕಿವಿಗೆ ಬಿತ್ತಂದ್ರ ಮುಗೀತು, ಮುಂದಿನ ಟಕ್ ಯಾವಾಗ ಬರ್ತದ ಅಂತ ಕಾಯ್ಕೊಂತ ಕೂಡ್ತೀರಿ. ಫೋನ್ ಏರೋಪ್ಲೇನ್ ಗುರುತಿಗೆ ಹಾಕೂದು ಮರೀಬ್ಯಾಡ್ರಿ.

ಮುದ್ದೇಬಿಹಾಳದ ಸಣ್ಣ ವೈನಿ ಮುಂದಿನ ವಾರ ಬರ್ತಾರಂತ, ತಮ್ಮ ಮನ್ಯಾಗ ಅಟ್ಟದ ಮ್ಯಾಲ ಅವರ ಮಾವನ ಏಕತಾರಿ ಅದ, ತಂತಿ ಹರದದ ಅಂದಾರ. ತಗೊಂಡ ಬರ್ರಿ ಅಂದೀನಿ. ತಂತಿ ಹಚ್ಚಿಸೂನು. ಬಾರಿಸಾಕ ಯಾರು ಕೂಡ್ತಾರ ಅನ್ನೂದರ ಮ್ಯಾಲ ಮುಂದಿನ ಜಗಳ.